ಬೆಂಕಿ ಬಿದ್ದು ಅಥವಾ ನೀರು ನುಗ್ಗಿ ಬಾಡಿಗೆ ಮನೇಲಿ ಇರೋಕಾಗ್ದಿದ್ರೆ: ಓನರ್ ಹತ್ರ ಬೇರೆ ವ್ಯವಸ್ಥೆ, ಬಾಡಿಗೆ ಮನ್ನಾ ಕೇಳೋದು ಹೇಗೆ

ಅಕ್ಕನ ಮನೆ ಮೇಲಿನ ಫ್ಲಾಟ್‌ನ ಅಡುಗೆಮನೇಲಿ ರಾತ್ರಿ ಬೆಂಕಿ ಬಿತ್ತು. ಅಕ್ಕನ ಮನೆಗೆ ಬೆಂಕಿ ಇಳೀಲಿಲ್ಲ, ಆದ್ರೆ ಬೆಂಕಿ ಆರಿಸೋಕೆ ಹೊಡೆದ ನೀರೆಲ್ಲಾ ಸ್ಲ್ಯಾಬ್ ಮೂಲಕ, ಫ್ಯಾನ್ ಹುಕ್ಕು, ಲೈಟ್ ಪಾಯಿಂಟ್‌ಗಳ ಮೂಲಕ ಇಳಿದು ಬಂತು, ಜೊತೆಗೆ ಡಕ್ಟ್‌ನಿಂದ ಹೊಗೆ ನುಗ್ಗಿ ಒಂದು ರೂಮ್ ಪೂರ್ತಿ ಮಸಿ. ಬೆಳಿಗ್ಗೆ ಆಗೋ ಹೊತ್ತಿಗೆ ಕರೆಂಟ್ ಇಲ್ಲ, ಸೀಲಿಂಗ್ ಇನ್ನೂ ತೊಟ್ಟಿಕ್ತಾ ಇದೆ. ಬಾಡಿಗೆ ಮಾತ್ರ ಮೂರು ದಿನದ ಹಿಂದೆ ಪೂರ್ತಿ ಕಟ್ಟಿ ಆಗಿತ್ತು. ಆಗ ನಾನು, ಅಕ್ಕ, ಭಾವ ಕೂತು ಒಂದೊಂದೇ ಹೆಜ್ಜೆ ಇಟ್ಟು ಓನರ್ ಹತ್ರ ಮಾತಾಡಿ ಬಾಡಿಗೆ ಬಿಡಿಸ್ಕೊಂಡ್ವಿ. ಇಲ್ಲಿ ಬರೀತಿರೋದು ಅದೇ ದಾರಿ, ಲೆಕ್ಕದ ಸಮೇತ.

ಶುರುನಲ್ಲೇ ಒಂದು ವಿಷಯ. ಇಂಥ ಟೈಮಲ್ಲಿ ಜಾಸ್ತಿ ಜನ ಮಾಡೋ ತಪ್ಪು ಎರಡು. ಒಂದು, "ಮನೇಲಿ ಇಲ್ಲ ಅಂದ್ಮೇಲೆ ಬಾಡಿಗೆ ಯಾಕೆ" ಅಂತ ಏನೂ ಹೇಳ್ದೆ ಮುಂದಿನ ತಿಂಗಳು ಬಾಡಿಗೆ ನಿಲ್ಲಿಸಿಬಿಡೋದು. ಇನ್ನೊಂದು, ಓನರ್ ಪಾಪ ಅವರೂ ಟೆನ್ಶನ್‌ನಲ್ಲಿ ಇದ್ದಾರೆ ಅಂತ ಬಾಯಿಮಾತಲ್ಲೇ ಒಪ್ಕೊಂಡು ಒಂದೂವರೆ ತಿಂಗಳು ಸುಮ್ನೆ ಇರೋದು. ಮೊದಲನೇದ್ರಲ್ಲಿ ನೀವು ಬಾಡಿಗೆ ಬಾಕಿ ಇಟ್ಟವರು ಆಗ್ತೀರ, ಮನೆ ಖಾಲಿ ಮಾಡಿಸೋಕೆ ಅದೊಂದೇ ಕಾರಣ ಸಾಕು. ಎರಡನೇದ್ರಲ್ಲಿ ಯಾವ ದಿನದಿಂದ ಮನೆ ಇರೋಕೆ ಆಗ್ದಂಗಾಯ್ತು ಅನ್ನೋದಕ್ಕೇ ದಾಖಲೆ ಇರಲ್ಲ. ಈ ಎರಡಕ್ಕೂ ಮದ್ದು ಒಂದೇ: ಮೊದಲ ಎರಡು ದಿನದೊಳಗೆ ಬರವಣಿಗೆಯಲ್ಲಿ ಕೇಳೋದು.

ಮೊದಲ ದಿನ: ಗುಡಿಸೋಕೆ ಮುಂಚೆ ಫೋಟೋ

ಮನೆ ಒಳಗೆ ಹೋಗೋದು ಸೇಫ್ ಅಂತ ಫೈರ್‌ನವರು ಅಥವಾ ಬಿಲ್ಡಿಂಗ್ ನೋಡ್ಕೊಳ್ಳೋರು ಹೇಳಿದ ಮೇಲೇ ಒಳಗೆ ಹೋಗಿ. ನೀರು ಇಳಿದಿರೋ ಮನೇಲಿ ಸ್ವಿಚ್ ಮುಟ್ಟಬೇಡಿ, ಮೇನ್ ಆಫ್ ಆಗಿದ್ಯಾ ಅಂತ ಎಲೆಕ್ಟ್ರಿಷಿಯನ್ ನೋಡೋವರೆಗೂ ಎಂಸಿಬಿ ಎತ್ತಿ ಟೆಸ್ಟ್ ಮಾಡೋಕೂ ಹೋಗ್ಬೇಡಿ. ಗೋಡೆ ಒಳಗಿನ ಪೈಪಲ್ಲಿ ನೀರು ನಿಂತಿರುತ್ತೆ, ಹೊರಗಡೆಯಿಂದ ಎಲ್ಲ ಒಣಗಿದಂಗೆ ಕಾಣುತ್ತೆ.

ಒಳಗೆ ಹೋದ ತಕ್ಷಣ ಎಲ್ಲರಿಗೂ ಅನಿಸೋದು ನೀರು ಬಾಚೋಣ, ಗುಡಿಸೋಣ ಅಂತ. ಅರ್ಧ ಗಂಟೆ ತಡ್ಕೊಳ್ಳಿ. ಬಾಗಿಲಿಂದ ಶುರು ಮಾಡಿ ಪ್ರತಿ ರೂಮನ್ನೂ ಒಂದೇ ಸಮನೆ ವೀಡಿಯೋ ಮಾಡಿ, ಆಮೇಲೆ ಸೀಲಿಂಗ್, ಸ್ವಿಚ್‌ಬೋರ್ಡ್, ನೀರು ಎಷ್ಟು ಎತ್ತರ ನಿಂತಿತ್ತು ಅನ್ನೋ ಗೋಡೆ ಮೇಲಿನ ಗೆರೆ, ಇವನ್ನ ಹತ್ತಿರದಿಂದ ಫೋಟೋ ತೆಗೀರಿ. ಗೆರೆ ಪಕ್ಕ ಟೇಪ್ ಹಿಡಿದು ತೆಗೆದ್ರೆ ಇನ್ನೂ ಒಳ್ಳೇದು. ಕರೆಂಟ್ ಮೀಟರ್ ರೀಡಿಂಗ್ ಫೋಟೋನೂ ಬೇಕು. ಇದು ಯಾಕೆ ಅಂತ ಆಗ ಅಕ್ಕಂಗೂ ಅರ್ಥ ಆಗ್ಲಿಲ್ಲ. ಆಮೇಲೆ "ನೀವು ಆ ಮನೇಲೇ ಇದ್ರಲ್ಲ" ಅನ್ನೋ ಮಾತು ಬಂದಾಗ, ಹದಿನೆಂಟು ದಿನ ಒಂದು ಯೂನಿಟ್ಟೂ ಓಡಿಲ್ಲ ಅನ್ನೋದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇರ್ಲಿಲ್ಲ.

ಮಸಿ ಕೂತಿರೋ ಗೋಡೆ, ಬಟ್ಟೆ, ಸೋಫಾನ ಒದ್ದೆ ಬಟ್ಟೇಲಿ ಒರೆಸ್ಬೇಡಿ, ಅದು ಇನ್ನೂ ಒಳಗೆ ಇಳಿಯುತ್ತೆ. ಆದ್ರೆ ನೀರು ಒಣಗಿಸೋ ಕೆಲಸ ತಡ ಮಾಡೋ ಹಾಗೂ ಇಲ್ಲ. ಒದ್ದೆ ಆಗಿರೋದು 24ರಿಂದ 48 ಗಂಟೆ ಒಳಗೆ ಒಣಗ್ದೇ ಇದ್ರೆ ಬೂಸ್ಟು ಹಿಡಿಯೋಕೆ ಶುರು ಆಗುತ್ತೆ, ಆಮೇಲೆ ಓನರ್ "ನೀವು ಹಾಗೇ ಬಿಟ್ಟಿದ್ದಕ್ಕೆ ಹಿಂಗಾಯ್ತು" ಅನ್ನೋಕೆ ದಾರಿ ಆಗುತ್ತೆ. ಹಾಗಾಗಿ ಫೋಟೋ ಮೊದಲು, ತಕ್ಷಣ ಕಿಟಕಿ ತೆಗೆದು, ಒದ್ದೆ ಹಾಸಿಗೆ ಕಾರ್ಪೆಟ್ ಹೊರಗೆ ಹಾಕಿ, ನಿಂತ ನೀರು ತೆಗೆಯೋದು. ನಮ್ಮ ಕೈಲಿ ಆಗೋಷ್ಟು ನಷ್ಟ ತಡೆಯೋದು ನಮ್ಮ ಜವಾಬ್ದಾರಿನೇ.

ಫೈರ್‌ನವರು ಬಂದಿದ್ರೆ ಅವರ ರಿಪೋರ್ಟ್ ಕಾಪಿಗೆ ಅರ್ಜಿ ಕೊಡಿ. ಬೆಂಕಿ ಎಲ್ಲಿ ಶುರು ಆಯ್ತು ಅನ್ನೋದು ಅದ್ರಲ್ಲಿ ಇರುತ್ತೆ, ಮುಂದಿನ ಎಲ್ಲ ಮಾತುಕತೆನೂ ಅದರ ಮೇಲೇ ನಿಂತಿರುತ್ತೆ. ಯಾಕಂದ್ರೆ ಬೆಂಕಿಗೆ ಬಾಡಿಗೆದಾರರ ತಪ್ಪೇ ಕಾರಣ ಆಗಿದ್ರೆ ಮನ್ನಾ ಕೇಳೋ ಹಕ್ಕು ಹೋಗುತ್ತೆ, ಉಲ್ಟಾ ರಿಪೇರಿ ಖರ್ಚೂ ತಲೆ ಮೇಲೆ ಬರಬಹುದು.

ಇರೋಕಾಗಲ್ಲ ಅಂದ್ರೆ ಏನು

"ಮನೆ ಹಾಳಾಗಿದೆ" ಅಂದ್ರೆ ಓನರ್‌ಗೆ ಅದು ಪೇಂಟ್ ಹೊಡೆಸೋ ಕೆಲಸ ಅಂತ ಕೇಳ್ಸುತ್ತೆ. ಅದಕ್ಕೆ ಯಾಕೆ ಇರೋಕಾಗಲ್ಲ ಅಂತ ಬಿಡಿಸಿ ಹೇಳ್ಬೇಕು. ನಾವು ನಾಲ್ಕು ವಿಷಯ ಇಟ್ಕೊಂಡಿದ್ವಿ: ಕರೆಂಟ್ ಸೇಫಾಗಿ ಇದ್ಯಾ, ನೀರು ಮತ್ತು ಟಾಯ್ಲೆಟ್ ಕೆಲಸ ಮಾಡ್ತಿದ್ಯಾ, ಸೀಲಿಂಗ್, ಗೋಡೆ ಬೀಳೋ ಭಯ ಇಲ್ದೆ ಗಟ್ಟಿಯಾಗಿದ್ಯಾ, ಒಳಗಿನ ಗಾಳಿ ಉಸಿರಾಡೋ ಹಾಗಿದ್ಯಾ. ಈ ನಾಲ್ಕರಲ್ಲಿ ಒಂದು ಇಡೀ ಮನೆಗೆ ಇಲ್ಲ ಅಂದ್ರೂ ಅದು ಇರೋಕಾಗದ ಮನೆ. ಒಂದು ರೂಮಿಗೆ ಮಾತ್ರ ಇಲ್ಲ ಅಂದ್ರೆ ಅದು ಭಾಗಶಃ, ಅದಕ್ಕೆ ಬಾಡಿಗೆ ಕಡಿತ ಕೇಳ್ಬಹುದು ಆದ್ರೆ ಪೂರ್ತಿ ಮನ್ನಾ ಅಲ್ಲ. ಈ ವ್ಯತ್ಯಾಸ ನೀವೇ ಮೊದಲು ಪ್ರಾಮಾಣಿಕವಾಗಿ ಮಾಡ್ಕೊಳ್ಳಿ, ಇಲ್ದಿದ್ರೆ ಸರಿಯಾಗಿ ಕೇಳಿದ್ದನ್ನೂ ಅವರು ನಂಬಲ್ಲ.

ನಮ್ಮ ಮಾತಿಗಿಂತ ಮೂರನೇ ವ್ಯಕ್ತಿಯ ಮಾತಿಗೆ ತೂಕ ಜಾಸ್ತಿ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ವೈರಿಂಗ್ ಚೆಕ್ ಮಾಡಿಸಿ, ಅವರು ಮೆಗ್ಗರ್ ಅನ್ನೋ ಮೀಟರ್ ಹಾಕಿ ವೈರ್‌ನ ಇನ್ಸುಲೇಷನ್ ನೋಡ್ತಾರೆ, ಮನೆ ವೈರಿಂಗ್‌ಗೆ ಸಾಮಾನ್ಯವಾಗಿ ಒಂದು ಮೆಗಾಓಮ್‌ಗಿಂತ ಕಮ್ಮಿ ಬಂದ್ರೆ ಆ ಲೈನ್ ಚಾಲೂ ಮಾಡೋ ಹಾಗಿಲ್ಲ. ಅಕ್ಕನ ಮನೇಲಿ ಮೂರು ಲೈನಲ್ಲಿ ಎರಡು ಫೇಲ್. ಅವರ ಕೈಲಿ ಲೆಟರ್‌ಹೆಡ್ ಇದ್ರೆ ಸರಿ, ಇಲ್ಲ ಅಂದ್ರೆ ಬಿಳಿ ಹಾಳೆ ಮೇಲೇ ತಾರೀಖು, ರೀಡಿಂಗು, "ರಿಪೇರಿ ಆಗೋವರೆಗೂ ಸಪ್ಲೈ ಕೊಡಬಾರದು" ಅನ್ನೋ ಒಂದು ಸಾಲು, ಸಹಿ ಹಾಕಿಸ್ಕೊಳ್ಳಿ. ನಮ್ಮ ಇಡೀ ಕೇಸಲ್ಲಿ ಕೆಲಸಕ್ಕೆ ಬಂದಿದ್ದು ಈ ಹಾಳೆನೇ.

ಅಗ್ರಿಮೆಂಟ್ ತೆಗೆದು ಓದಿ, ಕಾನೂನು ಎಲ್ಲಿವರೆಗೆ ಬರುತ್ತೆ ನೋಡಿ

ಓನರ್‌ಗೆ ಬರೆಯೋ ಮುಂಚೆ ಅಗ್ರಿಮೆಂಟ್ ಓದ್ಬೇಕು. ಹುಡುಕಬೇಕಾದ್ದು ಬೆಂಕಿ, ಪ್ರವಾಹ, ದೈವಾಧೀನ ಘಟನೆ ಅಂದ್ರೆ ಫೋರ್ಸ್ ಮಜೂರ್, ದೊಡ್ಡ ರಿಪೇರಿ ಯಾರದ್ದು, ಇನ್ಶೂರೆನ್ಸ್ ಯಾರದ್ದು, ನೋಟಿಸ್ ಎಷ್ಟು ದಿನ, ಈ ಸಾಲುಗಳು. "ಮನೆ ವಾಸಕ್ಕೆ ಯೋಗ್ಯ ಆಗೋವರೆಗೂ ಬಾಡಿಗೆ ಇಲ್ಲ" ಅಂತ ಒಂದು ಸಾಲಿದ್ರೆ ನಿಮ್ಮ ಕೆಲಸ ಮುಕ್ಕಾಲು ಮುಗೀತು. ಅದೇ "ಯಾವುದೇ ಕಾರಣಕ್ಕೂ ಬಾಡಿಗೆ ನಿಲ್ಲಿಸುವಂತಿಲ್ಲ" ಅಂತಿದ್ರೆ ಹಕ್ಕು ಅಂತ ಕೇಳೋಕೆ ಕಷ್ಟ, ಮಾತುಕತೆ ದಾರಿನೇ ಗಟ್ಟಿ.

ಅಗ್ರಿಮೆಂಟ್ ಈ ಬಗ್ಗೆ ಏನೂ ಹೇಳ್ದೆ ಇದ್ದಾಗ ಕಾನೂನು ಬರುತ್ತೆ, ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯಲ್ಲಿ ಸಿವಿಲ್ ಕೋಡ್‌ನ 536ನೇ ಕಲಂ ಪ್ರಕಾರ ಮನೆ ಬಳಸೋಕೆ ಆಗದಷ್ಟು ದಿನ ಬಾಡಿಗೆ ತಾನಾಗೇ ಇಳಿಯುತ್ತೆ. ಇಂಡಿಯಾದಲ್ಲಿ ಹಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇ ಅಂಶ ಹೇಳೋದೇನು ಅಂದ್ರೆ, ಬೆಂಕಿ, ಬಿರುಗಾಳಿ, ಪ್ರವಾಹ ಇಂಥದ್ರಿಂದ ಆಸ್ತಿಯ ಮುಖ್ಯ ಭಾಗ ಪೂರ್ತಿ ನಾಶ ಆದ್ರೆ ಅಥವಾ ಬಹುಮಟ್ಟಿಗೆ, ಶಾಶ್ವತವಾಗಿ ಬಳಕೆಗೆ ಬಾರದಂತಾದ್ರೆ, ಬಾಡಿಗೆದಾರ ಬೇಕಾದ್ರೆ ಲೀಸ್ ರದ್ದು ಅನ್ನಬಹುದು, ಹಾನಿ ಅವನ ತಪ್ಪಿಂದ ಆಗಿದ್ರೆ ಮಾತ್ರ ಆಗಲ್ಲ. ಇಲ್ಲಿ "ಶಾಶ್ವತವಾಗಿ" ಅನ್ನೋ ಪದ ಗಮನಿಸಿ. ಮೂರು ವಾರದಲ್ಲಿ ರಿಪೇರಿ ಆಗೋ ಮನೆಗೆ ಇದು ಹೊಂದಲ್ಲ, ಮತ್ತೆ ಇದು ಕೊಡೋದು ಬಿಟ್ಟು ಹೋಗೋ ಹಕ್ಕೇ ಹೊರತು ಇದ್ಕೊಂಡು ಬಾಡಿಗೆ ಕಟ್ಟದೆ ಇರೋ ಹಕ್ಕಲ್ಲ.

ತಾತ್ಕಾಲಿಕವಾಗಿ ಹಾಳಾದ ಮನೆ ಬಗ್ಗೆ ನೇರವಾಗಿ ಮಾತಾಡೋದು 2021ರ ಮಾದರಿ ಬಾಡಿಗೆ ಕಾಯ್ದೆ. ಫೋರ್ಸ್ ಮಜೂರ್ ಘಟನೆಯಿಂದ ಮನೆ ವಾಸಕ್ಕೆ ಆಗ್ದೆ ಹೋದ್ರೆ, ಅದನ್ನ ಮತ್ತೆ ವಾಸಯೋಗ್ಯ ಮಾಡಿಕೊಡೋವರೆಗೂ ಓನರ್ ಬಾಡಿಗೆ ಕೇಳೋ ಹಾಗಿಲ್ಲ ಅಂತ ಅದರಲ್ಲಿದೆ. ಆದ್ರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ಅದನ್ನ ತನ್ನ ಕಾನೂನಾಗಿ ಮಾಡಿದ್ರಷ್ಟೇ ಹಕ್ಕು. ಮಾಡಿಲ್ದಿರೋ ಕಡೆ ಕೂಡ "ಸರ್ಕಾರದ ಮಾದರಿ ಕಾಯ್ದೆನೇ ಹೀಗೆ ಹೇಳುತ್ತೆ, ನಾನು ಹೊಸದಾಗಿ ಏನೂ ಕೇಳ್ತಿಲ್ಲ" ಅಂತ ತೋರಿಸೋಕೆ ಅದು ಚೆನ್ನಾಗಿ ಕೆಲಸ ಮಾಡುತ್ತೆ.

ಹಾಗಾಗಿ ಕಾನೂನು ನಿಮ್ಮ ಕಡೆ ಗಟ್ಟಿಯಾಗಿ ನಿಂತಿಲ್ಲ ಅಂತ ಗೊತ್ತಿಟ್ಕೊಂಡೇ, ಬೇಡಿಕೊಳ್ಳೋ ಧಾಟಿನೂ ಬೇಡ ಜೋರು ಧಾಟಿನೂ ಬೇಡ, ಲೆಕ್ಕ ಮುಂದಿಟ್ಟು ಕೇಳೋ ಧಾಟಿ ಇಟ್ಕೊಳ್ಳಿ.

ಏನೇನು ಕೇಳ್ಬೇಕು

ಕೇಳೋದು ಎರಡು ಬೇರೆ ಬೇರೆ ವಿಷಯ, ಜನ ಅದನ್ನ ಒಂದರೊಳಗೊಂದು ಸೇರಿಸಿ ಕೆಡಿಸ್ಕೊಳ್ತಾರೆ. ಬಾಡಿಗೆ ಮನ್ನಾ ಅಂದ್ರೆ ಸಿಗದ ಮನೆಗೆ ದುಡ್ಡು ಕೊಡದೆ ಇರೋದು. ಬದಲಿ ವ್ಯವಸ್ಥೆ ಅಂದ್ರೆ ಆ ದಿನಗಳಲ್ಲಿ ಎಲ್ಲಿ ಇರೋದು, ಅದರ ಖರ್ಚು ಯಾರದ್ದು ಅನ್ನೋದು. ಮೊದಲನೇದು ಬಹುತೇಕ ಓನರ್‌ಗಳು ಕೊನೆಗೆ ಒಪ್ತಾರೆ. ಎರಡನೇದಕ್ಕೆ ಅವರನ್ನ ಒತ್ತಾಯ ಮಾಡೋಕೆ ಅವರ ತಪ್ಪು ಇರ್ಬೇಕು, ಉದಾಹರಣೆಗೆ ನೀವು ಮೂರು ಸಲ ಹೇಳಿದ್ರೂ ರಿಪೇರಿ ಮಾಡಿಸದ ವೈರಿಂಗ್‌ನಿಂದಲೇ ಬೆಂಕಿ ಬಿತ್ತು ಅನ್ನೋ ಥರ. ತಪ್ಪು ಯಾರದ್ದೂ ಅಲ್ದೇ ಇದ್ದಾಗ ಹೋಟೆಲ್ ಬಿಲ್ ಪೂರ್ತಿ ಓನರ್ ಕೊಡ್ಲಿ ಅಂತ ಹಠ ಹಿಡಿದ್ರೆ ಮನ್ನಾನೂ ಕೈ ತಪ್ಪಬಹುದು.

ಓನರ್‌ಗೆ ಅದೇ ಬಿಲ್ಡಿಂಗಲ್ಲೋ ಬೇರೆ ಕಡೆಯೋ ಖಾಲಿ ಮನೆ ಇದ್ರೆ ಅದೇ ಎಲ್ಲಕ್ಕಿಂತ ಒಳ್ಳೇ ದಾರಿ, ಅದನ್ನೇ ಮೊದಲು ಕೇಳಿ. ಆದ್ರೆ ಎರಡು ಎಚ್ಚರಿಕೆ. ಹಳೇ ಮನೆ ಬಾಡಿಗೆ, ಬದಲಿ ಮನೆ ಬಾಡಿಗೆ ಎರಡೂ ಓಡೋ ಹಾಗಿಲ್ಲ: ಒಂದೋ ಹಳೇದರ ಬಾಡಿಗೆ ನಿಂತು ಬದಲಿ ಮನೆಯದ್ದು ಮಾತ್ರ, ಇಲ್ಲ ಹಳೇದು ಕಟ್ಟಿ ಬದಲಿ ಮನೆ ಫ್ರೀ. ಇನ್ನೊಂದು, ಬದಲಿ ಮನೆಗೆ ಹೊಸ ಅಗ್ರಿಮೆಂಟ್‌ಗೆ ಸಹಿ ಹಾಕಿದ್ರೆ ಹಳೇದು ಮುಗೀತು ಅಂತ ಆಗ್ಬಹುದು, ಅಲ್ಲಿಗೆ ವಾಪಸ್ ಹೋಗೋ ಹಕ್ಕೂ ಅಡ್ವಾನ್ಸ್ ಲೆಕ್ಕವೂ ಗೊಂದಲ ಆಗುತ್ತೆ. "ತಾತ್ಕಾಲಿಕವಾಗಿ, ಮೂಲ ಮನೆ ರಿಪೇರಿ ಆಗೋವರೆಗೆ, ಮೂಲ ಅಗ್ರಿಮೆಂಟ್ ಮುಂದುವರೀತಾ ಇದೆ" ಅಂತ ಒಂದು ಮೆಸೇಜ್ ಇಬ್ಬರ ನಡುವೆ ಇರ್ಲಿ, ಅಷ್ಟು ಸಾಕು.

ಕೀ ವಿಷಯ ಕೂಡ ಹೀಗೇ. ರಿಪೇರಿಗೆ ಅಂತ ಎಲ್ಲ ಕೀ ಸುಮ್ನೆ ಕೊಟ್ಬಿಟ್ರೆ ಮನೆ ಖಾಲಿ ಮಾಡಿ ಒಪ್ಪಿಸಿದ ಹಾಗೆ ಕಾಣುತ್ತೆ. ಒಂದು ಕೀ ಕೊಡಿ, "ರಿಪೇರಿ ಕೆಲಸಕ್ಕೆ ಮಾತ್ರ" ಅಂತ ಬರೆದು ಕೊಡಿ, ಒಂದು ಇಟ್ಕೊಳ್ಳಿ.

ಸಾಮಾನಿನ ನಷ್ಟ ಈ ಪತ್ರದಲ್ಲಿ ಬೆರೆಸ್ಬೇಡಿ. ಓನರ್‌ನ ಇನ್ಶೂರೆನ್ಸ್ ಇದ್ರೂ ಅದು ಕಟ್ಟಡಕ್ಕೆ, ಕೆಲವೊಮ್ಮೆ ಅವರಿಗೆ ತಪ್ಪಿದ ಬಾಡಿಗೆಗೆ. ನಿಮ್ಮ ಟಿವಿ, ಹಾಸಿಗೆ, ಬಟ್ಟೆ ಅದ್ರಲ್ಲಿ ಬರಲ್ಲ, ಅದಕ್ಕೆ ನಿಮ್ಮದೇ ಪಾಲಿಸಿ ಬೇಕು, ಇಲ್ಲ ತಪ್ಪು ಮಾಡಿದವರ ಮೇಲೆ ಬೇರೆ ಕ್ಲೇಮು. ಆದ್ರೆ ಒಂದು ಮಾತು ಓನರ್‌ಗೆ ಖಂಡಿತ ಹೇಳಿ: "ನಿಮ್ಮ ಪಾಲಿಸಿಯಲ್ಲಿ ಬಾಡಿಗೆ ನಷ್ಟಕ್ಕೆ ಕವರ್ ಇದ್ಯಾ ನೋಡಿ ಸರ್." ಇದ್ರೆ ನಿಮಗೆ ಮನ್ನಾ ಮಾಡಿದ ದುಡ್ಡು ಅವರಿಗೆ ಅಲ್ಲಿಂದ ಬರಬಹುದು, ಮನೆ ಇರೋಕಾಗಲ್ಲ ಅನ್ನೋ ನಿಮ್ಮ ಫೋಟೋ ಮತ್ತು ಎಲೆಕ್ಟ್ರಿಷಿಯನ್ ಹಾಳೆ ಅವರ ಕ್ಲೇಮಿಗೂ ಬೇಕಾಗುತ್ತೆ. ಅಲ್ಲಿಗೆ ಇಬ್ಬರೂ ಒಂದೇ ಕಡೆ ನಿಂತ ಹಾಗೆ ಆಗುತ್ತೆ.

ಪತ್ರ

ಮೊದಲು ಫೋನ್ ಮಾಡಿ ಮಾತಾಡಿ, ಏನೂ ಹೇಳ್ದೆ ಪತ್ರ ಕಳಿಸಿದ್ರೆ ಜಗಳಕ್ಕೆ ಬಂದ ಹಾಗಿರುತ್ತೆ. ಮಾತಾಡಿದ ಒಂದು ಗಂಟೆ ಒಳಗೆ ಇಮೇಲ್ ಅಥವಾ ವಾಟ್ಸಾಪಲ್ಲಿ ಹಾಕಿ. ಅಗ್ರಿಮೆಂಟಲ್ಲಿ ನೋಟಿಸ್ ಇಂಥ ವಿಳಾಸಕ್ಕೆ ಪೋಸ್ಟಲ್ಲೇ ಕಳಿಸ್ಬೇಕು ಅಂತಿದ್ರೆ ಅದನ್ನೂ ಕಳಿಸಿ. ನಾವು ಕಳಿಸಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ಸರ್ ನಮಸ್ಕಾರ. ಈಗ ಫೋನಲ್ಲಿ ಮಾತಾಡಿದ ವಿಷಯ ಬರೆದು ಕಳಿಸ್ತಿದ್ದೀನಿ. 8ನೇ ತಾರೀಖು ರಾತ್ರಿ ಮೇಲಿನ ಫ್ಲಾಟಲ್ಲಿ ಬೆಂಕಿ ಬಿದ್ದು, ಆರಿಸಿದ ನೀರು ನಮ್ಮ ಮನೆಗೆ ಇಳಿದಿದೆ. 9ನೇ ತಾರೀಖಿಂದ ಮನೇಲಿ ಕರೆಂಟ್ ಇಲ್ಲ, ಮೂರರಲ್ಲಿ ಎರಡು ಲೈನ್ ಚಾಲೂ ಮಾಡಬಾರದು ಅಂತ ಎಲೆಕ್ಟ್ರಿಷಿಯನ್ ಬರೆದುಕೊಟ್ಟಿದ್ದಾರೆ, ಹಾಲಲ್ಲಿ ಸೀಲಿಂಗ್ ಪ್ಲಾಸ್ಟರ್ ಉದುರ್ತಾ ಇದೆ, ಚಿಕ್ಕ ಬೆಡ್‌ರೂಮ್ ಮಸಿಯಾಗಿದೆ. ಫೋಟೋ, ವೀಡಿಯೋ, ಎಲೆಕ್ಟ್ರಿಷಿಯನ್ ಹಾಳೆ ಜೊತೆಗಿದೆ. ನಾವು 9ರಿಂದ ಸಂಬಂಧಿಕರ ಮನೇಲಿ ಇದ್ದೀವಿ. ಮನೆ ಬಿಟ್ಟು ಹೋಗ್ತಿಲ್ಲ, ರಿಪೇರಿ ಆದ ಮೇಲೆ ವಾಪಸ್ ಬರ್ತೀವಿ. ನಾಲ್ಕು ವಿಷಯ ಕೇಳ್ಕೊಳ್ತೀವಿ: 9ರಿಂದ ಮನೆ ಮತ್ತೆ ಇರೋ ಹಾಗೆ ಆಗೋವರೆಗೂ ಬಾಡಿಗೆ ಬಿಡ್ಬೇಕು, ಈ ತಿಂಗಳದ್ದು ಕಟ್ಟಿರೋದ್ರಿಂದ ಮುಂದಿನ ತಿಂಗಳಲ್ಲಿ ಹಿಡ್ಕೊಳ್ಳಿ. ನಿಮ್ಮ ಬೇರೆ ಯಾವುದಾದ್ರೂ ಮನೆ ಖಾಲಿ ಇದ್ರೆ ಅಲ್ಲಿವರೆಗೆ ಕೊಡಿ. ವೈರಿಂಗ್ ಮತ್ತು ಸೀಲಿಂಗ್ ಕೆಲಸ ಯಾವಾಗ ಶುರು ಆಗುತ್ತೆ ತಿಳಿಸಿ. ರಿಪೇರಿಗೆ ಒಂದು ಕೀ ಕೊಡ್ತೀವಿ, ಅದು ಆ ಕೆಲಸಕ್ಕೆ ಮಾತ್ರ. 13ನೇ ತಾರೀಖೊಳಗೆ ಉತ್ತರ ಕೊಟ್ರೆ ಉಪಕಾರ ಆಗುತ್ತೆ."

ಇದರಲ್ಲಿ "ಮನೆ ಬಿಟ್ಟು ಹೋಗ್ತಿಲ್ಲ" ಅನ್ನೋ ಸಾಲು, ಯಾವ ದಿನದಿಂದ ಅನ್ನೋ ತಾರೀಖು, ಉತ್ತರಕ್ಕೆ ಒಂದು ಗಡುವು, ಈ ಮೂರು ಬಿಟ್ಟುಹೋಗಬಾರದು. ಸಿಟ್ಟು, ಆರೋಪ, ಲಾಯರ್ ಮಾತು ಈ ಹಂತದಲ್ಲಿ ಬೇಡ.

ಲೆಕ್ಕ ಹಾಕೋದು

ಲೆಕ್ಕ ಸುಲಭ ಆಗ್ಲಿ ಅಂತ ಅಕ್ಕನ ಬಾಡಿಗೆಯನ್ನ ತಿಂಗಳಿಗೆ 30,000 ಅಂತ ಇಟ್ಕೊಳ್ತೀನಿ, ದಿನಕ್ಕೆ 1,000. ಎರಡೂ ತಿಂಗಳು 30 ದಿನ.

9ರಿಂದ 26ರವರೆಗೆ 18 ದಿನ ಇಡೀ ಮನೆ ಇರೋ ಹಾಗಿರ್ಲಿಲ್ಲ, 26ಕ್ಕೆ ವೈರಿಂಗ್ ಮುಗಿದು ಮೆಗ್ಗರ್ ಟೆಸ್ಟ್ ಪಾಸ್ ಆಯ್ತು. ಅಲ್ಲಿಗೆ ಮನ್ನಾ 18,000. ಇದಕ್ಕೆ ಓನರ್ ಅಷ್ಟೇನೂ ತಕರಾರು ಮಾಡ್ಲಿಲ್ಲ.

ದೊಡ್ಡ ತಕರಾರು ಬಂದಿದ್ದು ಆಮೇಲೆ. 27ರಿಂದ ಅಕ್ಕ ವಾಪಸ್ ಹೋದ್ಲು, ಆದ್ರೆ ಮಸಿ ಹಿಡಿದ ಬೆಡ್‌ರೂಮ್ ಮತ್ತೆ ಅದರ ಬಾತ್‌ರೂಮ್ ಮುಂದಿನ ತಿಂಗಳ 15ರವರೆಗೂ ಬೀಗ ಹಾಕಿಟ್ಟಿದ್ವಿ. ಅಂದ್ರೆ 19 ದಿನ ಭಾಗಶಃ. ಓನರ್ ಅಂದ್ರು, ಆ ರೂಮು ಬಾತ್‌ರೂಮು ಸೇರಿ 180 ಚದರಡಿ, ಮನೆ 900 ಚದರಡಿ, ಹಾಗಾಗಿ ಐದರಲ್ಲೊಂದು ಪಾಲು, ಶೇಕಡಾ 20 ಬಿಡ್ತೀನಿ ಅಂತ. ಚದರಡಿ ಲೆಕ್ಕ ನ್ಯಾಯವಾಗಿ ಕಾಣುತ್ತೆ, ಆದ್ರೆ ಅದು ಪೂರ್ತಿ ಸರಿ ಅಲ್ಲ. ಎರಡು ಬೆಡ್‌ರೂಮ್ ಮನೆ ಅಂತ ಬಾಡಿಗೆ ಕೊಡ್ತಿರೋದು, ಒಂದು ಬೆಡ್‌ರೂಮ್ ಹೋದ್ರೆ ಅದು ಬೇರೆ ದರದ ಮನೆನೇ ಆಗುತ್ತೆ. ಹಾಲಿನ 180 ಚದರಡಿಗೂ ಮಲಗೋ ಕೋಣೆಯ 180 ಚದರಡಿಗೂ ಬೆಲೆ ಒಂದೇ ಅಲ್ಲ. ಅದಕ್ಕೆ ನಾವು ಶೇಕಡಾ 30 ಕೇಳಿದ್ವಿ, ಅದೇ ಬಿಲ್ಡಿಂಗಲ್ಲಿ ಒಂದು ಬೆಡ್‌ರೂಮ್ ಮನೆಗೂ ಎರಡು ಬೆಡ್‌ರೂಮ್ ಮನೆಗೂ ಬಾಡಿಗೆ ಎಷ್ಟು ವ್ಯತ್ಯಾಸ ಅಂತ ತೋರಿಸಿದ್ವಿ. ಕೊನೆಗೆ 25ಕ್ಕೆ ನಿಂತ್ತು. ದಿನಕ್ಕೆ 250, 19 ದಿನಕ್ಕೆ 4,750.

ಒಟ್ಟು ಮನ್ನಾ 22,750. ಮೊದಲ ತಿಂಗಳು ಪೂರ್ತಿ ಕಟ್ಟಿದ್ರಿಂದ ಎರಡನೇ ತಿಂಗಳು ಕಟ್ಟಬೇಕಾಗಿದ್ದು 7,250 ಮಾತ್ರ. ಇದರ ಜೊತೆ ಬದಲಿ ಮನೆ ಲೆಕ್ಕ: ಮೊದಲ ನಾಲ್ಕು ದಿನ ಸಂಬಂಧಿಕರ ಮನೆ, 13ರಿಂದ 26ರವರೆಗೆ 14 ದಿನ ಓನರ್‌ದೇ ಒಂದು ಚಿಕ್ಕ ಖಾಲಿ ಮನೇಲಿ ಇದ್ರು. ಅದರ ಬಾಡಿಗೆ ತಿಂಗಳಿಗೆ 12,000, ದಿನಕ್ಕೆ 400, ಒಟ್ಟು 5,600. ಮೊದಲು ಓನರ್ ಹಳೇ ಮನೆಗೆ ಅರ್ಧ ಬಾಡಿಗೆ, ಇದಕ್ಕೆ ಪೂರ್ತಿ ಅಂದಿದ್ರು. ಎರಡೂ ಕೊಡೋಕೆ ಹೆಂಗಾಗುತ್ತೆ ಸರ್, ಮಲಗೋದು ಒಂದೇ ಮನೇಲಿ ಅಲ್ವಾ ಅಂತ ಅಕ್ಕ ಮೆತ್ತಗೆ ಕೇಳಿದ್ಲು, ಒಪ್ಕೊಂಡ್ರು. ಹಾಗಾಗಿ ಎರಡನೇ ತಿಂಗಳು ಒಟ್ಟು ಕೊಟ್ಟಿದ್ದು 7,250 ಮತ್ತು 5,600 ಸೇರಿ 12,850.

ನೀವು ಕೂಡ ಹೀಗೇ ಪೂರ್ತಿ ದಿನಗಳನ್ನ, ಭಾಗಶಃ ದಿನಗಳನ್ನ ಬೇರೆ ಬೇರೆ ಮಾಡಿ ಬರೀರಿ. ಎಲ್ಲ ಸೇರಿಸಿ "ಒಂದೂವರೆ ತಿಂಗಳು ಬಿಡಿ" ಅಂದ್ರೆ ಓನರ್‌ಗೆ ಅದು ದೊಡ್ಡದಾಗಿ ಕಾಣುತ್ತೆ, ಬಿಡಿಸಿ ತೋರಿಸಿದ್ರೆ ಅವರೇ ಕೂಡಿ ನೋಡ್ತಾರೆ.

ಓನರ್ ಒಪ್ಪದೇ ಇದ್ರೆ

"ನನಗೂ ರಿಪೇರಿ ಖರ್ಚು, ಇಎಂಐ ಇದೆ" ಅನ್ನೋದು ಸಾಮಾನ್ಯವಾಗಿ ಬರೋ ಮಾತು, ಅದು ಸುಳ್ಳೂ ಅಲ್ಲ. ಅದಕ್ಕೆ ಮನ್ನಾ ಮಾಡಿದ ಮೊತ್ತ ಒಂದೇ ತಿಂಗಳಲ್ಲಿ ಹಿಡಿಯೋ ಬದಲು ಎರಡು ಮೂರು ತಿಂಗಳಿಗೆ ಹಂಚೋಣ ಅಂತ ಹೇಳಿ. ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಅಂತ ಮಾತ್ರ ಒಪ್ಕೋಬೇಡಿ, ಅಡ್ವಾನ್ಸ್ ನಿಮ್ಮದೇ ದುಡ್ಡು, ಅದ್ರಲ್ಲಿ ಹಿಡಿಯೋದು ಮನ್ನಾ ಅಲ್ಲ.

ಉತ್ತರನೇ ಬರ್ದಿದ್ರೆ ಗಡುವು ಮುಗಿದ ಮಾರನೇ ದಿನ ಅದೇ ಪತ್ರದ ಕೆಳಗೆ ನೆನಪೋಲೆ ಹಾಕಿ. ಅಷ್ಟರಲ್ಲಿ ಬಾಡಿಗೆ ದಿನ ಬಂದ್ಬಿಟ್ರೆ, ತಕರಾರಿಲ್ಲದ ದಿನಗಳ ಬಾಡಿಗೆ ಕಟ್ಟಿ, ಉಳಿದಿದ್ದಕ್ಕೆ "ಈ ಲೆಕ್ಕ ತೀರ್ಮಾನ ಆಗೋವರೆಗೂ ಬಾಕಿ ಇಟ್ಟಿದ್ದೀನಿ" ಅಂತ ಬರೀರಿ. ಅಗ್ರಿಮೆಂಟಲ್ಲಿ ಬಾಡಿಗೆ ನಿಲ್ಲಿಸುವಂತಿಲ್ಲ ಅಂತ ಖಡಕ್ಕಾಗಿ ಇದ್ದು, ಮನೆ ಕಳ್ಕೊಳ್ಳೋ ಭಯ ಇದ್ರೆ ಪೂರ್ತಿ ಕಟ್ಟಿ, ಆದ್ರೆ "ಆಕ್ಷೇಪಣೆ ಇಟ್ಟುಕೊಂಡೇ ಕಟ್ತಿದ್ದೀನಿ, ಮನ್ನಾ ಕೇಳೋ ಹಕ್ಕು ಬಿಟ್ಟುಕೊಟ್ಟಿಲ್ಲ" ಅಂತ ಅದೇ ದಿನ ಮೆಸೇಜ್ ಮಾಡಿ. ಕೈ ಬಿಗಿ ಆಗುತ್ತೆ ನಿಜ, ಆದ್ರೆ ಬಾಕಿದಾರ ಅನ್ನಿಸ್ಕೊಳ್ಳೋಕಿಂತ ಇದು ಸೇಫು.

ರಿಪೇರಿನೇ ಶುರು ಮಾಡ್ದೆ ಎಳೆದಾಡ್ತಿದ್ರೆ ಕಥೆ ಬೇರೆ. ಆಸ್ತಿ ವರ್ಗಾವಣೆ ಕಾಯ್ದೆಯ ಅದೇ 108ನೇ ಕಲಂ ಎಫ್ ಅಂಶದಲ್ಲಿ, ಓನರ್ ಮಾಡಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟ ಮೇಲೂ ಸೂಕ್ತ ಸಮಯದೊಳಗೆ ಮಾಡ್ದೆ ಇದ್ರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನ ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೀಬಹುದು ಅಂತಿದೆ. ಆ ರಿಪೇರಿ ಓನರ್ ಜವಾಬ್ದಾರಿ ಅಂತ ಅಗ್ರಿಮೆಂಟಲ್ಲಿ ಸ್ಪಷ್ಟ ಇರ್ಬೇಕು, ನೋಟಿಸ್ ಬರವಣಿಗೆಯಲ್ಲಿ ಹೋಗಿರ್ಬೇಕು, ಬಿಲ್ ಪಕ್ಕಾ ಇರ್ಬೇಕು. ಸ್ಲ್ಯಾಬ್, ಪಿಲ್ಲರ್ ಥರ ದೊಡ್ಡ ಕೆಲಸಕ್ಕೆ ಈ ದಾರಿ ಹಿಡೀಬೇಡಿ, ಆ ಖರ್ಚು ವಾಪಸ್ ಬರೋ ಅಷ್ಟರಲ್ಲಿ ವರ್ಷ ಹೋಗುತ್ತೆ. ಎರಡು ತಿಂಗಳಾದ್ರೂ ಮನೆ ತಯಾರಾಗೋ ಲಕ್ಷಣ ಇಲ್ಲ ಅಂದ್ರೆ ನನ್ನ ಪ್ರಕಾರ ಅಗ್ರಿಮೆಂಟಿನ ನೋಟಿಸ್ ಕೊಟ್ಟು, ಅಡ್ವಾನ್ಸ್ ವಾಪಸ್ ಕೇಳಿ ಹೊರಗೆ ಬರೋದೇ ವಾಸಿ. ಆಗ ಹಾನಿ ನಿಮ್ಮದಲ್ಲ ಅನ್ನೋ ಫೈರ್ ರಿಪೋರ್ಟ್ ಮತ್ತೆ ಮೊದಲ ದಿನದ ಫೋಟೋ ಜೊತೆಗಿಟ್ಟೇ ಕೇಳಿ, ಮಸಿ ಹಿಡಿದ ಗೋಡೆಗೆ ಪೇಂಟಿಂಗ್ ಚಾರ್ಜ್ ಅಂತ ಅಡ್ವಾನ್ಸಲ್ಲಿ ಹಿಡಿಯೋದನ್ನ ತಡಿಯೋದು ಅವೇ.

ವಾಪಸ್ ಹೋಗೋ ದಿನ

ಬಾಡಿಗೆ ಮತ್ತೆ ಶುರು ಆಗೋ ದಿನ ಯಾವುದು ಅನ್ನೋದು ಕೊನೇ ಗಲಾಟೆ. ಓನರ್‌ಗೆ ಕೆಲಸಗಾರರು ಹೋದ ದಿನ, ನಿಮಗೆ ನೀವು ಗಂಟುಮೂಟೆ ತಂದ ದಿನ. ಸರಿಯಾದ ದಿನ ಯಾವುದು ಅಂದ್ರೆ, ಮೊದಲು ಇಟ್ಕೊಂಡ ನಾಲ್ಕು ವಿಷಯನೂ ಸರಿ ಆಗಿ, ಬನ್ನಿ ಅಂತ ಅವರು ನಿಮಗೆ ಹೇಳಿದ ಮಾರನೇ ದಿನ. ಹೋಗೋ ಮುಂಚೆ ಎಲೆಕ್ಟ್ರಿಷಿಯನ್ ಕೈಲಿ ಎರಡನೇ ಸಲ ಟೆಸ್ಟ್ ಮಾಡಿಸಿ, ಅದೇ ಥರ ಹಾಳೆ ಬರೆಸ್ಕೊಳ್ಳಿ. ಗೋಡೆ ನೋಡಿ: ಹೊಸ ಪೇಂಟ್ ಹೊಡೆದಿದ್ರೂ ಒಳಗೆ ತೇವ ಇದ್ರೆ ಒಂದೆರಡು ವಾರದಲ್ಲಿ ಗುಳ್ಳೆ ಏಳುತ್ತೆ, ಕಪ್ಪು ಚುಕ್ಕೆ ಬರುತ್ತೆ. ನಿಮಗೆ ಅನುಮಾನ ಇರೋ ಜಾಗದಲ್ಲಿ ಒಂದಡಿ ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಿ, ಒಳಗಡೆ ಬೆವರಿದ್ರೆ ಗೋಡೆ ಇನ್ನೂ ಒಣಗಿಲ್ಲ. ಅದರ ಫೋಟೋನೂ ಓನರ್‌ಗೆ ಕಳಿಸಿ, ಪೇಂಟ್‌ನವರನ್ನ ಒಂದು ವಾರ ತಡೀರಿ.

ಅಕ್ಕ ವಾಪಸ್ ಹೋದ ದಿನ ಕಳಿಸಿದ ಮೆಸೇಜ್ ಇಷ್ಟೇ: "ಸರ್, ಕರೆಂಟ್ ಟೆಸ್ಟ್ ಆಗಿದೆ, ಇವತ್ತು 27ನೇ ತಾರೀಖಿಂದ ಮನೇಲಿದ್ದೀವಿ. ಚಿಕ್ಕ ಬೆಡ್‌ರೂಮ್ ಇನ್ನೂ ಬಳಸೋ ಹಾಗಿಲ್ಲ, ಅದು ಮುಗಿಯೋವರೆಗೆ ಕಡಿತ ಮಾತಾಡಿಕೊಳ್ಳೋಣ. ಮೀಟರ್ ಫೋಟೋ ಹಾಕಿದ್ದೀನಿ." ಅವರು "ಓಕೆ ಮೇಡಂ" ಅಂತ ಉತ್ತರ ಹಾಕಿದ್ರು, ಆ ಎರಡು ಪದದ ಸ್ಕ್ರೀನ್‌ಶಾಟ್ ಇವತ್ತಿಗೂ ಅಗ್ರಿಮೆಂಟ್ ಫೈಲಲ್ಲಿದೆ.